ಇಪ್ಪತ್ತು ಅಡಿಯ ಕ್ಷಮಾಪಣೆ

ನನಗೆ ಕೋಪ ಬೇಗ ಬರುತ್ತದೆ, ಹೋಗುವುದು ಮಾತ್ರ ನಿಧಾನ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಎಂಥ ಹೆಂಗಸಪ್ಪಾ ಇವಳು ಎಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಬೀರೂರಿನ ರೇಣುಕಪ್ರಸಾದನ ಮೇಲೆ ನಾನು ಸೇಡು ತೀರಿಸಿಕೊಂಡೆ. ಕೋಲು ಹಿಡಿಯಲಿಲ್ಲ, ಕಲ್ಲು ಎಸೆಯಲಿಲ್ಲ, ಪೊಲೀಸ್ ಸ್ಟೇಷನ್ನಿನ ಮೆಟ್ಟಿಲೂ ಹತ್ತಲಿಲ್ಲ. ಅವನೇ ಆರಿಸಿಕೊಟ್ಟ ಫೋಟೋದ ಮೇಲೆ ಒಂದು ತಲೆಬರಹ, ನಾಲ್ಕು ಸಾಲು ಕನ್ನಡ ಕೂರಿಸಿದೆ. ಅಷ್ಟೇ.

ನಾನು ಯಶೋಧರಾ. ಕಡೂರು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಡಿಸೈನ್ ಅಂಗಡಿ ಇದೆ. ಒಂದು ಕಂಪ್ಯೂಟರು, ಒಂದು ಟೇಬಲ್ಲು, ಗಿರಾಕಿಗಳಿಗೆ ಎರಡು ಕುರ್ಚಿ. ಮದುವೆ, ಗೃಹಪ್ರವೇಶ, ಹುಟ್ಟುಹಬ್ಬ, ತಿಥಿ, ಎಲ್ಲದರ ಫ್ಲೆಕ್ಸೂ ಮಾಡುತ್ತೇನೆ. ಅದಕ್ಕೂ ಮೊದಲು ಆರು ವರ್ಷ ರೇಣುಕಪ್ರಸಾದನ ಪ್ರೆಸ್ಸಿನಲ್ಲಿ ಕೆಲಸ ಮಾಡಿದ್ದೆ. ನಾನು ಹೊರಗೆ ಬಂದಾಗ ಅವನ ಗಿರಾಕಿಗಳಲ್ಲಿ ಅರ್ಧದಷ್ಟು ಜನ ನನ್ನ ಹಿಂದೆಯೇ ಬಂದರು. ನಾನು ಕರೆದಿರಲಿಲ್ಲ. ಆದರೆ ಫ್ಲೆಕ್ಸ್ ಪ್ರಿಂಟ್ ಮಾಡುವ ದೊಡ್ಡ ಮೆಷಿನ್ ಇದ್ದದ್ದು ಅವನ ಹತ್ತಿರವೇ. ಹಾಗಾಗಿ ಡಿಸೈನ್ ನನ್ನದು, ಪ್ರಿಂಟ್ ಅವನದು ಎಂದು ಎರಡು ವರ್ಷ ಹಲ್ಲು ಕಚ್ಚಿಕೊಂಡು ನಡೆಸಿದೆವು.

ಹೋದ ಬುದ್ಧ ಪೂರ್ಣಿಮೆಗೆ ಬೀರೂರಿನ ನಮ್ಮ ಕೇರಿಯ ಸಮುದಾಯ ಭವನದಲ್ಲಿ ನಮ್ಮಪ್ಪನಿಗೆ ಸನ್ಮಾನ ಇಟ್ಟುಕೊಂಡಿದ್ದರು. ನಮ್ಮಪ್ಪ ಅಂಜಿನಪ್ಪ ಮೂವತ್ತನಾಲ್ಕು ವರ್ಷ ರೈಲ್ವೆ ಗ್ಯಾಂಗಿನಲ್ಲಿ ಹಳಿ ಕಾಯ್ದವನು. ಬೇಸಿಗೆಯಲ್ಲಿ ಕೇರಿಯ ಮಕ್ಕಳನ್ನು ಹಳಿ ಪಕ್ಕದ ಜಾಲಿ ಮರದ ಕೆಳಗೆ ಕೂರಿಸಿಕೊಂಡು ಅಕ್ಷರ ತಿದ್ದಿಸಿದವನು. ಅವನ ಕೈಯಲ್ಲಿ ಅಆಇಈ ಕಲಿತವರು ಇವತ್ತು ಬ್ಯಾಂಕಿನಲ್ಲಿದ್ದಾರೆ, ಮೇಷ್ಟ್ರಾಗಿದ್ದಾರೆ. ಅವರೇ ಸೇರಿ ಮಾಡಿದ ಸನ್ಮಾನ. ಅದರ ಫ್ಲೆಕ್ಸ್ ನಾನಲ್ಲದೆ ಇನ್ನಾರು ಮಾಡಬೇಕು?

ಮೂರು ದಿನ ಕೂತು ಮಾಡಿದೆ. ಅರಳಿ ಮರದ ಎಲೆಗಳ ಹಿನ್ನೆಲೆ, ಅಪ್ಪನ ಫೋಟೋ, ಮೇಲೆ ತಿಳಿ ಅಕ್ಷರ. ಪ್ರಿಂಟಿಗೆ ಒಂದೇ ಚಿತ್ರವಾಗಿ ಒತ್ತಿದ ಫೈಲ್ ಕಳಿಸಿದೆ. ಹಾಗೆ ಒತ್ತಿದ ಮೇಲೆ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಫೋಟೋದ ಒಂದು ಭಾಗವಾಗುತ್ತದೆ. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅದು ಕದಲುವುದಿಲ್ಲ. ರೇಣುಕಪ್ರಸಾದ್ ಫೋನ್ ಮಾಡಿದ.

"ಸೈಜ್ ಒಸಿ ಅಡ್ಜಸ್ಟ್ ಮಾಡ್ಬೇಕು ಕಣಮ್ಮ. ಲೇಯರ್ ಇರೋ ಫೈಲೂ ಹಾಕು."

ಹಾಕಿದೆ. ಜೊತೆಗೆ, "ಪ್ರಿಂಟಿಗೆ ಒತ್ತಿದ ಫೈಲನ್ನೇ ತಗೊಳ್ಳಿ, ಲೇಯರ್ ಫೈಲಿಗೆ ನನ್ನ ಫಾಂಟ್ ಬೇಕು" ಎಂದು ಮೇಲ್‌ನಲ್ಲಿ ಬರೆದೂ ಇದ್ದೆ. ಅಕ್ಷರ, ಫೋಟೋ ಎಲ್ಲ ಬೇರೆ ಬೇರೆ ಪದರವಾಗಿ ಉಳಿದಿರುವ ಆ ಲೇಯರ್ ಫೈಲನ್ನೇ ಅವನು ತೆರೆದ. ಅವನದು ಓಬೀರಾಯನ ಕಾಲದ ಸಾಫ್ಟ್‌ವೇರ್. ಅದರಲ್ಲಿ ಭಾರತೀಯ ಲಿಪಿಗಳನ್ನು ಜೋಡಿಸುವ ಸೆಟ್ಟಿಂಗ್ ಇಲ್ಲ, ನನ್ನ ಫಾಂಟೂ ಇಲ್ಲ. ತೆರೆದ ಕೂಡಲೇ ಫಾಂಟ್ ಸಿಗುತ್ತಿಲ್ಲ, ಬದಲಿ ಹಾಕಲೇ ಎಂದು ಒಂದು ಚೌಕ ಬಂದಿರುತ್ತದೆ. ನಮ್ಮ ಕಡೆ ಆ ಚೌಕವನ್ನು ಯಾರು ಓದುತ್ತಾರೆ ಹೇಳಿ? ಬಂತು, ಓಕೆ ಒತ್ತು, ಮುಂದೆ ಹೋಗು. ಅವನೂ ಒತ್ತಿದ.

ಪೂರ್ಣಿಮೆಯ ದಿನ ಬೆಳಿಗ್ಗೆ ವೇದಿಕೆಯ ಮೇಲೆ ಫ್ಲೆಕ್ಸ್ ಬಿಚ್ಚಿದರು. ಒತ್ತಕ್ಷರಗಳೆಲ್ಲ ಕಳಚಿಕೊಂಡು ಪಕ್ಕಕ್ಕೆ ಬಂದು ನಿಂತಿದ್ದವು. ಬುದ್‌ಧ ಎಂದಿತ್ತು. ಸನ್‌ಮಾನ ಎಂದಿತ್ತು. ಅದರ ಕೆಳಗೆ ಇಷ್ಟು ದೊಡ್ಡದಾಗಿ ಅಂಜಿನಪ್‌ಪ. ಬೇರೆ ಕಟ್ಟಿಸಲು ಹೊತ್ತಿರಲಿಲ್ಲ. ಅಪ್ಪ ಅದರ ಕೆಳಗೇ ಕೂತ. ಶಾಲು ಹೊದಿಸಿದರು, ಹಾರ ಹಾಕಿದರು. ಮುಂದಿನ ಸಾಲಿನ ಮಕ್ಕಳು ಅಂಜಿನಪ್ ಪ, ಅಂಜಿನಪ್ ಪ ಎಂದು ಓದಿಕೊಂಡು ಕಿಸಿಕಿಸಿ ನಗುತ್ತಿದ್ದವು. ಅಕ್ಷರ ಕಲಿಸಿದವನ ಹೆಸರು ಅವನ ತಲೆಯ ಮೇಲೆಯೇ ಕಾಲು ಮುರಿದುಕೊಂಡು ಬಿದ್ದಿತ್ತು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

"ಹೋಗ್ಲಿ ಬಿಡವ್ವ," ಎಂದ ಅಪ್ಪ ಮನೆಗೆ ಬಂದ ಮೇಲೆ. "ಮಾಡಿದ್ ಮನ್ಸು ಮುಖ್ಯ." ಶಾಲನ್ನು ಮಡಿಸಿ ಮಡಿಸಿ ಕರ್ಚೀಫಿನಷ್ಟು ಚಿಕ್ಕದು ಮಾಡುತ್ತಿದ್ದ.

ನಾನು ರೇಣುಕಪ್ರಸಾದನಿಗೆ ಫೋನ್ ಮಾಡಿದೆ. ತಪ್ಪಾಯ್ತು ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ದೇವರಾಣೆ. ಚೌಕ ನೋಡದೆ ಓಕೆ ಒತ್ತುವುದನ್ನು ಯಾರಾದರೂ ಮಾಡಿಯಾರು, ನಾನೂ ಮಾಡಿದ್ದೇನೆ. ಆದರೆ ಅವನು, "ನಿನ್ ಫೈಲೇ ಹಂಗಿತ್ತು" ಎಂದ. ಮೇಲ್ ತೆಗೆದು ನೋಡಿ ಎಂದೆ. ಫೋನ್ ಕತ್ತರಿಸಿದ.

ಅಷ್ಟಕ್ಕೇ ನಿಲ್ಲಲಿಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ಫೋಟೋಗ್ರಾಫರು, ಡಿಸೈನರುಗಳದ್ದು ಒಂದು ಸಂಘವಿದೆ. ನಮ್ಮದೊಂದು ವಾಟ್ಸಾಪ್ ಗ್ರೂಪೂ ಇದೆ. ಯಾರೋ ಆ ಒಡೆದ ಫ್ಲೆಕ್ಸಿನ ಫೋಟೋ ಹಾಕಿ ಇದ್ಯಾರ ಕೆಲಸ ಎಂದು ಕೇಳಿದರು. ರೇಣುಕಪ್ರಸಾದ್ ವಾಯ್ಸ್ ಮೆಸೇಜಿನಲ್ಲಿ ಮಾತಾಡಿಯೇ ಉತ್ತರ ಕಳಿಸಿದ.

"ನಮ್ ಯಶೋಧರಾದು. ಆ ಕೇರಿ ಹುಡ್ಗೀಗೆ ಕಂಪ್ಯೂಟರ್ ಮುಟ್ಟಕ್ ಕಲ್ಸಿದ್ದೇ ನಾನು. ಅಕ್ಷರಾನೂ ನಾನೇ ಕೊಡಕ್ಕಾಗುತ್ತಾ? ಅದು ರಕ್ತದಲ್ಲಿ ಬರ್ಬೇಕು ಕಣ್ರಪ್ಪಾ."

ಕೊನೆಗೊಂದು ನಗು. ನಾನು ಅದನ್ನು ಹನ್ನೊಂದು ಸಲ ಕೇಳಿದೆ. ಮೈಯೆಲ್ಲ ಉರಿಯಿತು. ನಮ್ಮಪ್ಪನ ಎದುರು ಕೂತು ಅಕ್ಷರ ತಿದ್ದಿದ ಎಪ್ಪತ್ತು ಎಂಬತ್ತು ಮಕ್ಕಳ ರಕ್ತದಲ್ಲಿ ಅಕ್ಷರ ಇರಲಿಲ್ಲವಂತೆ. ಕಣ್ಣ ಮುಂದಿನ ಚೌಕ ಓದಲು ಬಾರದವನ ರಕ್ತದಲ್ಲಿ ಇತ್ತಂತೆ!

ಒಂದೇ ವಾರದಲ್ಲಿ ನಾಲ್ಕು ಕೆಲಸ ಕೈಬಿಟ್ಟವು. ಸಖರಾಯಪಟ್ಟಣದ ಮದುವೆಯವರು ಬಂದು, "ಬೇಜಾರ್ ಮಾಡ್ಕೊಬೇಡಿ ಮೇಡಂ, ಕನ್ನಡ ಒಡೆದೋಗುತ್ತಂತಲ್ಲ ನಿಮ್ಮತ್ರ" ಎಂದು ಮುಖದ ಮೇಲೇ ಹೇಳಿ ಹೋದರು. ಕನ್ನಡ ಒಡೆದುಹೋಗುತ್ತದಂತೆ, ನನ್ನ ಹತ್ತಿರ!

ಸಂಘದ ಅಧ್ಯಕ್ಷರು ಅಜ್ಜಂಪುರದ ಪಂಚಾಕ್ಷರಪ್ಪನವರು. ಎಪ್ಪತ್ತು ದಾಟಿದ ಹಳೇ ಸ್ಟುಡಿಯೋದವರು. ಅವರ ಮುಂದೆ ನನ್ನ ಲ್ಯಾಪ್‌ಟಾಪ್ ಇಟ್ಟು ನಾನು ಕಳಿಸಿದ ಒತ್ತಿದ ಚಿತ್ರವನ್ನೂ ಮೇಲ್‌ನಲ್ಲಿ ಬರೆದದ್ದನ್ನೂ ತೋರಿಸಿದೆ. ಆಮೇಲೆ ಆ ಧ್ವನಿ ಕೇಳಿಸಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಸ್ಟೇಷನ್‌ಗೆ ಹೋಗ್ತೀನಿ ಸಾರ್," ಎಂದೆ. "ಇದಕ್ಕೆ ಕಾನೂನಿದೆ."

"ಹೋಗ್ಬೋದು ತಾಯಿ, ನಾನು ತಡೆಯಲ್ಲ. ಆದ್ರೆ ಒಂದು ಹೇಳು, ನಿಂಗೇನು ಬೇಕು? ಅವನು ಒಳಗೆ ಹೋಗ್ಬೇಕಾ?"

ಯೋಚಿಸಿದೆ. ನನಗೆ ಅದಲ್ಲ ಬೇಕಿದ್ದದ್ದು. ಕಡೂರಿನಲ್ಲಿ ಬಸ್ ಹತ್ತುವವರು ಇಳಿಯುವವರು ಎಲ್ಲರೂ ತಪ್ಪು ಯಾರದು ಎಂದು ಓದಬೇಕು. ಅವನ ಬಾಯಿಂದ ಬಂದದ್ದನ್ನು ಅವನ ಹೆಸರಿನಲ್ಲೇ ಓದಬೇಕು. ಕೋರ್ಟಿನ ಕಾಗದ ಯಾರ ಕಣ್ಣಿಗೆ ಬೀಳುತ್ತದೆ?

ಸಭೆ ಸೇರಿತು. ರೇಣುಕಪ್ರಸಾದ್ ಮೊದಲು ಹಾರಾಡಿದ. ಕೇಸು ಎಂಬ ಮಾತು ಬಂದ ಕೂಡಲೇ ಮೆತ್ತಗಾದ. ಠರಾವು ಆಯಿತು. ಬಸ್ ಸ್ಟ್ಯಾಂಡಿನ ಎದುರು ಸಂಘದ ಕಬ್ಬಿಣದ ಚೌಕಟ್ಟಿನಲ್ಲಿ ಇಪ್ಪತ್ತಕ್ಕೆ ಹತ್ತು ಅಡಿಯ ಕ್ಷಮಾಪಣೆಯ ಫ್ಲೆಕ್ಸ್, ಏಳು ದಿನ, ಅವನದೇ ಖರ್ಚು. ಒಕ್ಕಣೆಯನ್ನು ಪಂಚಾಕ್ಷರಪ್ಪನವರೇ ಬರೆಸಿದರು:

"ಬುದ್ಧ ಪೂರ್ಣಿಮೆಯ ಫ್ಲೆಕ್ಸಿನಲ್ಲಿ ಅಕ್ಷರ ಒಡೆದದ್ದು ನನ್ನ ತಪ್ಪಿನಿಂದ. ಆ ತಪ್ಪನ್ನು ಯಶೋಧರಾ ಅವರ ಮೇಲೆ ಹೊರಿಸಿದೆ. ಅವರ ಹುಟ್ಟನ್ನು ಹಿಡಿದು ಹೀನಾಯವಾಗಿ ಮಾತಾಡಿದೆ. ಅವರಲ್ಲಿಯೂ ಅಂಜಿನಪ್ಪನವರಲ್ಲಿಯೂ ಎಲ್ಲರ ಎದುರು ಕ್ಷಮೆ ಕೇಳುತ್ತೇನೆ. ರೇಣುಕಪ್ರಸಾದ್, ಬೀರೂರು."

ಅಳತೆ ಬರೆದರು, ಜಾಗ ಬರೆದರು, ದಿನ ಬರೆದರು. ಡಿಸೈನ್ ಯಾರು ಮಾಡಬೇಕು ಎಂಬುದನ್ನು ಬರೆಯಲಿಲ್ಲ. ಕೋಣೆಯ ತುಂಬ ಡಿಸೈನರುಗಳೇ ಕೂತಿದ್ದರೂ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಎನ್ನುವುದೇ ಅವಮಾನ.

ಸೋಮವಾರ ಫ್ಲೆಕ್ಸ್ ಕಟ್ಟಿದರು. ನಾನು ಅಂಗಡಿ ಬಾಗಿಲು ತೆಗೆಯದೆ ಸೀದಾ ಅಲ್ಲಿಗೆ ಹೋದೆ. ರಸ್ತೆಯ ಈಚೆಗೆ ನಿಂತು ನೋಡಿದರೆ ಒಂದು ದೊಡ್ಡ ಹೂದೋಟ. ಕೆಂಪು, ಹಳದಿ, ಹಸಿರು, ನಡುವೆ ಸೂರ್ಯನ ಕಿರಣ, ಹಾರುವ ಪಾರಿವಾಳ, ಮೂಲೆಯಲ್ಲಿ ಕೈ ಮುಗಿದು ನಗುವ ರೇಣುಕಪ್ರಸಾದ್. ಅಕ್ಷರ ಎಲ್ಲಿ? ರಸ್ತೆ ದಾಟಿ ಫ್ಲೆಕ್ಸಿನ ಬುಡಕ್ಕೆ ಹೋದ ಮೇಲೆ ಕಂಡಿತು. ಎಲೆಗಳ ಹಸಿರಿನ ಮೇಲೆ ಸಣಕಲು ಕೆಂಪು ಅಕ್ಷರ, ಅಕ್ಕಪಕ್ಕ ಕೆಂಪು ಹೂವು. ಒತ್ತಕ್ಷರಗಳು ಹೂವಿನ ಎಸಳುಗಳ ನಡುವೆ ಕಳೆದುಹೋಗಿದ್ದವು. ನನ್ನ ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದವರೊಬ್ಬರು, "ಯಾರ್ದೋ ಬರ್ತ್‌ಡೇ ಇರ್ಬೇಕು" ಎಂದರು.

ಪಂಚಾಕ್ಷರಪ್ಪನವರಿಗೆ ಫೋನ್ ಮಾಡಿ ಈಗಲೇ ಬನ್ನಿ ಎಂದೆ. ಬಸ್ಸಿನಲ್ಲಿ ಬಂದರು. ಫ್ಲೆಕ್ಸಿನ ಕೆಳಗೆ ನಿಂತು, ಕತ್ತೆತ್ತಿ, ಬೆರಳು ತೋರಿಸುತ್ತ ಒಂದೊಂದೇ ಪದ ಓದಿದರು.

"ಎಲ್ಲಾ ಇದೆಯಲ್ಲ ತಾಯಿ. ಒಂದಕ್ಷರಾನೂ ಬಿಟ್ಟಿಲ್ಲ."

"ಇಲ್ಲಿ ಬನ್ನಿ ಸಾರ್." ಅವರನ್ನು ಎದುರಿನ ಟೀ ಅಂಗಡಿಗೆ ಕರೆದುಕೊಂಡು ಬಂದೆ. "ಇಲ್ಲಿಂದ ಓದಿ."

ಅವರು ಕಣ್ಣು ಕಿರಿದು ಮಾಡಿದರು. ಕನ್ನಡಕ ಮೇಲೆ ಸರಿಸಿದರು, ಕೆಳಗೆ ಸರಿಸಿದರು. "ಬಿಸಿಲು..." ಎಂದರು.

ನಾನು ಮೊಬೈಲಿನಲ್ಲಿ ಫ್ಲೆಕ್ಸಿನ ಫೋಟೋ ಹೊಡೆದು, ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿ ಅವರ ಕೈಗೆ ಕೊಟ್ಟೆ. ಅದರಲ್ಲಿ ಅಕ್ಷರವೇ ಇರಲಿಲ್ಲ. ಎಲೆಯ ಹಸಿರೂ ಅಕ್ಷರದ ಕೆಂಪೂ ಒಂದೇ ಬೂದಿ ಬಣ್ಣವಾಗಿ ಬೆರೆತುಹೋಗಿದ್ದವು. ಬಣ್ಣ ಬೇರೆ ಬೇರೆ ಇದ್ದ ಮಾತ್ರಕ್ಕೆ ಕಣ್ಣಿಗೆ ಕಾಣುವುದಿಲ್ಲ, ಬೆಳಕು ಕತ್ತಲೆಯ ಅಂತರ ಬೇಕು. ಪಂಚಾಕ್ಷರಪ್ಪನವರು ಜೀವನದ ಅರ್ಧ ಕಪ್ಪು ಬಿಳುಪಿನ ಫಿಲ್ಮು ತೊಳೆದವರು. ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಮುಖ ಕೆಂಪೇರಿತು.

"ಕಳ್ಳ ನನ್ಮಗ," ಎಂದರು. ಅವರ ಬಾಯಲ್ಲಿ ಅಂಥ ಮಾತು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. "ಗೊತ್ತಿಲ್ದೆ ಮಾಡಿದ್ದಲ್ಲ ಇದು. ಗೊತ್ತಿದ್ದೇ ಮಾಡಿದ್ದು."

ಅವತ್ತು ಸಂಜೆಯೇ ಮತ್ತೆ ಸಭೆ. ರೇಣುಕಪ್ರಸಾದ್ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. "ಠರಾವಲ್ಲಿ ಇರೋದೆಲ್ಲ ಹಾಕಿದೀನಿ. ಹೂ ಹಾಕ್ಬೇಡ ಅಂತ ಇತ್ತಾ?"

"ಇನ್ನೊಂದು ಪ್ರಿಂಟ್ ಹಾಕು," ಎಂದರು ಪಂಚಾಕ್ಷರಪ್ಪನವರು. "ಈ ಸಲ ಡಿಸೈನ್ ಯಶೋಧರಾದು. ಏಳು ದಿನ ಹೊಸದಾಗಿ ಲೆಕ್ಕ."

ಅವನು ನಕ್ಕ. ಆ ನಗುವನ್ನು ನಾನು ಆರು ವರ್ಷ ಕಂಡಿದ್ದೆ, ಏನೋ ಹೊಸೆಯುತ್ತಿದ್ದಾನೆ ಎಂದು ಗೊತ್ತಾಯಿತು. "ಆಯ್ತು. ಅಕ್ಷರ ಅವಳ್ದು, ಫೋಟೋ ನನ್ದು. ಕ್ಷಮೆ ಕೇಳೋನು ನಾನು, ನನ್ ಫ್ಲೆಕ್ಸಿಗೆ ಯಾವ್ ಫೋಟೋ ಅಂತ ನಾನ್ ಹೇಳ್ಬಾರ್ದಾ? ತರೀಕೆರೆ ವಾರ್ಷಿಕೋತ್ಸವದ ಗ್ರೂಪ್ ಫೋಟೋ ಹಾಕ್ಲಿ. ಸಂಘದ್ ಮುಂದೆ ಕ್ಷಮೆ ಕೇಳ್ತಿದೀನಲ್ಲ, ಸಂಘಾನೂ ಇರ್ಲಿ. ಆದ್ರೆ ಒಬ್ರ ಮುಖದ್ ಮೇಲೂ ಅಕ್ಷರ ಬೀಳ್ಕೂಡ್ದು, ಒಬ್ರನ್ನೂ ಕತ್ತರಿಸ್ಕೂಡ್ದು. ಅದು ಮರ್ಯಾದೆ ಅಲ್ಲ."

ಕೂತವರೆಲ್ಲ ತಲೆಯಾಡಿಸಿದರು. ಆಡಿಸದೆ ಏನು ಮಾಡುತ್ತಾರೆ? ನಮ್ಮ ಕಡೆ ಫ್ಲೆಕ್ಸಿನಲ್ಲಿ ಮುಖದ ಮೇಲೆ ಅಕ್ಷರ ಹರಿದರೆ ಮೂರು ವರ್ಷ ಮಾತು ಬಿಡುತ್ತಾರೆ. ಆ ಫೋಟೋದಲ್ಲಿ ಇದ್ದವರೂ ಅವರೇ. ಪಂಚಾಕ್ಷರಪ್ಪನವರು ನನ್ನ ಕಡೆ ನೋಡಿದರು. ಆಗುತ್ತದೆ ಎಂದೆ.

ಅಂಗಡಿಗೆ ಬಂದು ಫೋಟೋ ತೆರೆದಾಗ ಗೊತ್ತಾಯಿತು ಅವನ ಬುದ್ಧಿ. ಅರವತ್ತು ಜನ, ನಾಲ್ಕು ಸಾಲು. ರೇಷ್ಮೆ ಸೀರೆ, ಜರಿ ಅಂಚು, ಚೌಕಳಿ ಅಂಗಿ. ತಲೆಗಳ ಮೇಲೆ ಪಟ್ಟೆ ಪಟ್ಟೆಯ ಶಾಮಿಯಾನ, ಕೆಂಪು, ಹಳದಿ, ನೀಲಿ, ಹಸಿರು. ಅದಕ್ಕೆ ಸೀರಿಯಲ್ ಲೈಟು, ಬಲೂನು. ಕಾಲ ಕೆಳಗೆ ಹೂವಿನ ಚಿತ್ತಾರದ ಜಮಖಾನ. ಇಡೀ ಫೋಟೋದಲ್ಲಿ ಕಣ್ಣಿಗೆ ಕೂರಲು ಒಂದು ಅಂಗೈ ಜಾಗವಿಲ್ಲ. ನಡುಮಧ್ಯದಲ್ಲಿ ಬಿಳಿ ಅಂಗಿ, ಬಿಳಿ ಪಂಚೆಯ ರೇಣುಕಪ್ರಸಾದ್. ಆ ವರ್ಷ ಅವನಿಗೆ ಉತ್ತಮ ಮುದ್ರಕ ಎಂದು ಹಾರ ಹಾಕಿದ್ದರು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಬಿಳಿ ಅಕ್ಷರ, ಸುತ್ತ ದಪ್ಪ ಕಪ್ಪು ಗೆರೆ. ಇಂಗ್ಲಿಷಿಗೆ ಅದು ನಡೆದೀತು. ಕನ್ನಡದಲ್ಲಿ ಆ ದಪ್ಪ ಗೆರೆ ಧ, ಥ, ಭಗಳ ಹೊಟ್ಟೆಯ ಸೀಳನ್ನೆಲ್ಲ ಮುಚ್ಚಿಬಿಟ್ಟಿತು, ಒತ್ತಕ್ಷರಗಳು ಕಪ್ಪು ಉಂಡೆಗಳಾದವು. ಅಳಿಸಿದೆ. ಕಪ್ಪು ಪಟ್ಟಿ ಹಾಕಿ ಅದರ ಮೇಲೆ ಬರೆಯೋಣ ಎಂದರೆ ನಾಲ್ಕು ಸಾಲಿನ ಪಟ್ಟಿ ಹಿಂದಿನ ಸಾಲಿನವರ ತಲೆಗಳನ್ನು ನುಂಗುತ್ತಿತ್ತು. ಅದನ್ನೂ ಅಳಿಸಿದೆ.

ಅಪ್ಪ ಊಟದ ಡಬ್ಬಿ ತಂದವನು ಹಿಂದೆ ನಿಂತು ನೋಡುತ್ತಿದ್ದ. "ಈ ಸಂತೇಲಿ ಎಲ್ಲವ್ವ ಬರೀತೀಯ?" ಎಂದ. ಆಮೇಲೆ ತಾನೇ, "ಬಿಡ್ಬಾರ್ದಾ ಯಶೂ? ನಂಗೇನೂ ಬೇಜಾರಿಲ್ಲ ಕಣವ್ವ."

"ನಂಗಿದೆ," ಎಂದೆ. ಜೋರಾಗಿಯೇ ಎಂದೆ. "ನಿಂಗಿಲ್ದಿದ್ರೂ ನಂಗಿದೆಯಪ್ಪ."

ಅಪ್ಪ ಡಬ್ಬಿ ಇಟ್ಟು ಹೋದ.

ಹೋದ ಮೇಲೆ ತಲೆ ತಣ್ಣಗಾಯಿತು. ಫೋಟೋ ಮುಟ್ಟಬಾರದು ಎಂದು ರೇಣುಕಪ್ರಸಾದ್ ಹೇಳಿರಲಿಲ್ಲ. ಮುಖ ಮುಟ್ಟಬಾರದು, ಯಾರನ್ನೂ ಕತ್ತರಿಸಬಾರದು ಎಂದಿದ್ದ. ಶಾಮಿಯಾನಕ್ಕೆ ಮುಖವಿಲ್ಲ. ಕೆಳಗಿನ ಜಮಖಾನದ ಅರ್ಧವನ್ನು ಕತ್ತರಿಸಿ ಜನರನ್ನು ಕೆಳಕ್ಕೆ ಇಳಿಸಿದೆ. ಮೇಲೆ ಶಾಮಿಯಾನದ ಬಟ್ಟೆಯನ್ನು ಎತ್ತರಿಸಿದೆ. ಹತ್ತು ಅಡಿಯಲ್ಲಿ ನಾಲ್ಕೂವರೆ ಅಡಿ ಜಾಗ ಸಿಕ್ಕಿತು. ಅರವತ್ತು ತಲೆಗಳನ್ನು ಒಂದೊಂದಾಗಿ ಕೂದಲ ಅಂಚಿಗೆ ಬಿಡಿಸಿ, ಅವುಗಳ ಹಿಂದಿನ ಬಟ್ಟೆಯನ್ನು ಮಾತ್ರ ಮಸುಕು ಮಾಡಿದೆ. ಪಟ್ಟೆ, ಬಲ್ಬು, ಬಲೂನು ಎಲ್ಲ ಕರಗಿದವು. ಅದರ ಬಣ್ಣ ಇಳಿಸಿದೆ. ಅದರ ಮೇಲೆ ಕಪ್ಪನ್ನು ಎಳೆದೆ, ತುದಿಯಲ್ಲಿ ದಟ್ಟವಾಗಿ, ತಲೆಗಳ ಹತ್ತಿರ ಬರುತ್ತ ತೆಳುವಾಗಿ. ಸಂಜೆ ಕತ್ತಲು ಇಳಿದ ಹಾಗೆ ಕಾಣಿಸಿತು. ಹಿಂದೆ ಶಾಮಿಯಾನ ಇದೆ ಎಂದು ಈಗಲೂ ಗೊತ್ತಾಗುತ್ತಿತ್ತು, ಆದರೆ ಅದು ಬಾಯಿ ಮುಚ್ಚಿಕೊಂಡಿತ್ತು.

ಆಮೇಲೆ ಅಕ್ಷರ. ಹೊಟ್ಟೆ ತೆರೆದಿರುವ, ದಪ್ಪ ಗೀಟಿನ ಫಾಂಟ್ ಆರಿಸಿದೆ. ಅಳತೆಯನ್ನು ದೊಡ್ಡ ಅಕ್ಷರ ನೋಡಿ ನಿಶ್ಚಯಿಸಬಾರದು. ಕೆಳಗಿನ ಒತ್ತು ಎದುರಿನ ಟೀ ಅಂಗಡಿಗೆ ಕಾಣುತ್ತದೆಯೇ ಎಂದು ನೋಡಬೇಕು. ಒತ್ತು ಕಂಡರೆ ಮೇಲಿನ ಅಕ್ಷರ ತಾನಾಗಿ ಕಾಣುತ್ತದೆ. ಸಾಲುಗಳ ನಡುವೆ ಇಂಗ್ಲಿಷಿಗೆ ಕೊಡುವುದಕ್ಕಿಂತ ಹೆಚ್ಚು ಜಾಗ ಬಿಟ್ಟೆ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ಹೋಗಿ ಡಿಕ್ಕಿ ಹೊಡೆಯುತ್ತವೆ. ಕ್ಷಮಾಪಣೆ ಎಂಬ ತಲೆಬರಹ ಹಳದಿ, ಉಳಿದದ್ದು ಬಿಳಿ. ಸುತ್ತ ಗೆರೆಯಿಲ್ಲ, ಕಂಡೂ ಕಾಣದ ಹಾಗೆ ಮೆತ್ತನೆಯ ಕಪ್ಪು ನೆರಳು ಮಾತ್ರ. ಕಪ್ಪು ಬಿಳುಪು ಮಾಡಿ ನೋಡಿದೆ. ಬೆಂಕಿಪೊಟ್ಟಣದಷ್ಟು ಚಿಕ್ಕದು ಮಾಡಿ ನೋಡಿದೆ. ಆಗಲೂ ಓದಬಹುದಾಗಿತ್ತು.

ಕೊನೆಗೆ ಇಡೀ ಗುಂಪಿನ ಬೆಳಕನ್ನು ಒಂದು ಚೂರು ತಗ್ಗಿಸಿದೆ, ಕಣ್ಣು ಮೊದಲು ಅಕ್ಷರಕ್ಕೆ ಹೋಗಲಿ ಎಂದು. ಆಗ ಒಂದು ವಿಷಯ ಕಂಡಿತು. ಸೀರೆ, ಚೌಕಳಿ ಎಲ್ಲ ಹಿಂದೆ ಸರಿದವು. ಅಕ್ಷರ ಬಿಟ್ಟರೆ ಫ್ಲೆಕ್ಸಿನಲ್ಲಿ ಎದ್ದು ಕಾಣುವುದು ಒಂದೇ ಉಳಿಯಿತು, ನಟ್ಟನಡುವಿನ ಬಿಳಿ ಅಂಗಿ. ಓದಿ ಮುಗಿಸಿದ ಕಣ್ಣು ನೇರ ಅವನ ಮುಖಕ್ಕೇ ಬರುತ್ತಿತ್ತು. ಸುತ್ತ ಐವತ್ತೊಂಬತ್ತು ಜನ ಸಾಕ್ಷಿ ನಿಂತಿದ್ದರು. ಅದನ್ನು ನಾನು ಮಾಡಿದ್ದಲ್ಲ. ಅಂಗಿ ತೊಟ್ಟದ್ದು ಅವನೇ, ಫೋಟೋ ಆರಿಸಿದ್ದೂ ಅವನೇ. ಸರಿಪಡಿಸಬಹುದಿತ್ತು, ಎರಡು ನಿಮಿಷದ ಕೆಲಸ. ನಾನು ಸರಿಪಡಿಸಲಿಲ್ಲ. ಖುಷಿಯಾಗಿ ಇನ್ನೊಂದು ಲೋಟ ಟೀ ತರಿಸಿ ಕುಡಿದೆ.

ಒಂದೇ ಚಿತ್ರವಾಗಿ ಒತ್ತಿ, ಪೆನ್‌ಡ್ರೈವಿಗೆ ಹಾಕಿಕೊಂಡು ಮರುದಿನ ಬೆಳಿಗ್ಗೆ ಬೀರೂರಿಗೆ ಹೋದೆ. ಲೇಯರ್ ಫೈಲ್ ಅಂಗಡಿಯಲ್ಲೇ ಬಿಟ್ಟಿದ್ದೆ. ಪ್ರೆಸ್ಸಿನಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಮೆಷಿನ್ ನಡೆಸುವ ವೇಣು ನನ್ನ ಕಾಲದವನೇ. ನನ್ನನ್ನು ಕಂಡು ತಲೆ ತಗ್ಗಿಸಿದ. ಫೈಲ್ ತೆರೆದ ಕೂಡಲೇ ರೇಣುಕಪ್ರಸಾದ್ ಕುರ್ಚಿಯಿಂದ ಎದ್ದ. ಪರದೆಯ ಹತ್ತಿರ ಹೋದ, ಹಿಂದೆ ಬಂದ. ಮುಖಗಳನ್ನು ಒಂದೊಂದಾಗಿ ಎಣಿಸಿದ. ಒಂದು ಕಿವಿಯೂ ಕಡಿಮೆಯಿರಲಿಲ್ಲ.

"ಕತ್ಲೆ ಮಾಡಿದೀಯ," ಎಂದ.

"ಮುಖ ಕಾಣುತ್ತಲ್ಲ?"

"ನನ್ ಅಂಗಿ ಮಾತ್ರ..."

"ನಿಮ್ ಅಂಗಿ ನೀವು ತೊಟ್ಟಿದ್ದು."

ಅವನು ವೇಣುವಿಗೆ ಪ್ರಿಂಟ್ ಕೊಡು ಎಂದು ಕೈ ಮಾಡಿದ. ನಾನು ತಡೆದೆ. ಆ ಪ್ರೆಸ್ಸಿನಲ್ಲಿ ಒಂದು ಕಟ್ಟುನಿಟ್ಟಿದೆ. ಫ್ಲೆಕ್ಸ್ ಯಾರ ಹೆಸರಿನದೋ ಅವರು ಪರದೆಯ ಮುಂದೆ ನಿಂತು ಅಷ್ಟನ್ನೂ ಬಾಯಿಬಿಟ್ಟು ಓದಬೇಕು, ಓದಿ ಚೀಟಿಗೆ ಸಹಿ ಹಾಕಬೇಕು. ಆಮೇಲೆ ತಪ್ಪು ಎಂದು ತಕರಾರು ತೆಗೆಯುವ ಹಾಗಿಲ್ಲ. ಆರು ವರ್ಷ ನಾನೇ ಸಾವಿರಾರು ಜನರಿಂದ ಓದಿಸಿದ್ದೇನೆ. ಅಪ್ಪನ ಫ್ಲೆಕ್ಸಿಗೆ ಮಾತ್ರ ಅವನು ಯಾರನ್ನೂ ಕರೆಸಿ ಓದಿಸಿರಲಿಲ್ಲ.

"ಓದಿ," ಎಂದೆ.

"ಎಲ್ಲಾ ಸರಿ ಇದೆ."

"ಓದ್ದೆ ಪ್ರಿಂಟ್ ಇಲ್ಲ ಅಂತ ಗೋಡೆ ಮೇಲೆ ಬರ್ಸಿದೀರಲ್ಲ ರೇಣುಕಣ್ಣ? ನಿಮ್ ಹೆಸರಿನ ಫ್ಲೆಕ್ಸು. ಓದಿ."

ಗಿರಾಕಿಗಳು ಮಾತು ನಿಲ್ಲಿಸಿದರು. ವೇಣು ಮೌಸ್ ಮೇಲಿಂದ ಕೈ ತೆಗೆದ. ರೇಣುಕಪ್ರಸಾದ್ ಗಂಟಲು ಸರಿಮಾಡಿಕೊಂಡು ಗೊಣಗುವಂತೆ ಶುರು ಮಾಡಿದ. ಕೇಳಿಸ್ತಿಲ್ಲ ಎಂದೆ. ಮತ್ತೆ ಮೊದಲಿನಿಂದ ಓದಿದ. ಅವರ ಹುಟ್ಟನ್ನು ಹಿಡಿದು ಎಂಬಲ್ಲಿಗೆ ಬಂದಾಗ ನಿಂತ. ನಾನು ಕಾದೆ. ನನಗೆ ಎಲ್ಲಿಗೂ ಹೋಗುವ ಅವಸರವಿರಲಿಲ್ಲ. ಕೊನೆಗೂ ಓದಿದ. ಅಂಜಿನಪ್ಪನವರಲ್ಲಿಯೂ ಎನ್ನುವಾಗ ಒತ್ತು ಗಟ್ಟಿಯಾಗಿಯೇ ಬಂತು. ಸಹಿ ಹಾಕಿದ.

ಮೆಷಿನ್ ಶುರುವಾಯಿತು. ಹತ್ತು ಅಡಿ ಅಗಲದ ರೋಲು, ಹಾಗಾಗಿ ಫ್ಲೆಕ್ಸ್ ಅಡ್ಡಡ್ಡ ಬರುತ್ತದೆ, ಅಕ್ಷರಗಳು ಮಲಗಿಕೊಂಡು ಹೊರಗೆ ಬರುತ್ತವೆ. ಒಂದೊಂದೇ ಬಂದವು. ಒಂದರ ಒತ್ತೂ ಕಳಚಿರಲಿಲ್ಲ. ಪೂರ್ತಿ ಬರುವವರೆಗೂ ಅಲ್ಲೇ ನಿಂತಿದ್ದೆ.

ಮಧ್ಯಾಹ್ನಕ್ಕೆ ಕಡೂರಿನಲ್ಲಿ ಕಟ್ಟಿದರು. ನಾನು ಟೀ ಅಂಗಡಿಯ ಬೆಂಚಿನಲ್ಲಿ ಕೂತೆ. ಬೇಕೆಂದೇ ಕೂತೆ. ಬಸ್ಸಿನ ಕಿಟಕಿಯಿಂದ ಓದಿದರು. ಸಿಂಗಟಗೆರೆಯ ಕಡೆ ಹೋಗುವ ಆಟೋದವನು ಗಾಡಿ ನಿಲ್ಲಿಸದೆಯೇ ಓದಿದ. ಓದಿದವರು ಕೊನೆಗೆ ಬಿಳಿ ಅಂಗಿಯ ಕಡೆ ಬೆರಳು ತೋರಿಸಿ, "ಇವ್ನೇ ಇರ್ಬೇಕು ಕಣೋ" ಎನ್ನುತ್ತಿದ್ದರು. ನನ್ನ ಹೊಟ್ಟೆಯೊಳಗೆ ಹಾಲು ಕುಡಿದಷ್ಟು ತಂಪಾಯಿತು. ಸುಳ್ಳು ಯಾಕೆ ಹೇಳಲಿ? ಅಪ್ಪನೂ ಬಂದ. ರಸ್ತೆಯ ಈಚೆಯೇ ನಿಂತು ತುಟಿ ಅಲ್ಲಾಡಿಸುತ್ತ ಓದಿದ. ತನ್ನ ಹೆಸರು ಬಂದಾಗ ಎರಡು ಸಲ ಓದಿದ. ಬಂದು ನನ್ನ ಪಕ್ಕದಲ್ಲಿ ಕೂತು, ಒಂದು ಟೀ ಹೇಳವ್ವ ಎಂದ.

ನಾಲ್ಕನೆಯ ದಿನ ರೇಣುಕಪ್ರಸಾದನ ಫೋನ್ ಬಂತು. ಧ್ವನಿ ಅವನದಲ್ಲವೇನೋ ಎನ್ನುವಷ್ಟು ಇಳಿದುಹೋಗಿತ್ತು.

"ಯಶೋಧರಾ, ತೆಗ್ಸಮ್ಮ. ನಾಲ್ಕು ದಿನ ಆಯ್ತಲ್ಲ, ಸಾಕು."

"ಏಳು ಅಂತ ಠರಾವು."

"ಅಮ್ಮ ನೋಡ್ಬಿಟ್ಲು ಕಣಮ್ಮ. ಆಸ್ಪತ್ರೆಗೆ ಅಂತ ಕರ್ಕೊಂಡ್ ಬಂದಿದ್ದೆ. ಬಸ್ ಸ್ಟ್ಯಾಂಡಲ್ಲಿ ಕೂರಿಸಿ ಮಾತ್ರೆ ತರಕ್ ಹೋದೆ. ಬರೋಷ್ಟೊತ್ತಿಗೆ ಅಷ್ಟೂ ಓದಿದ್ಲು. ಬೆಳಿಗ್ಗೆಯಿಂದ ನನ್ ಕೈಲಿ ನೀರೂ ಈಸ್ಕೊಂಡಿಲ್ಲ."

ಅವರ ಅಮ್ಮ ತೀರ್ಥಮ್ಮನವರು ನನಗೆ ಚೆನ್ನಾಗಿ ಗೊತ್ತು. ಪ್ರೆಸ್ಸಿನ ಹಿಂದೆಯೇ ಮನೆ. ಆರು ವರ್ಷ ದಿನಾ ಹನ್ನೊಂದು ಗಂಟೆಗೆ ನನಗೂ ಅವನಿಗೂ ಒಂದೇ ಥರದ ಲೋಟದಲ್ಲಿ ಕಾಫಿ ತಂದುಕೊಟ್ಟ ಹೆಂಗಸು. ಕಣ್ಣು ಮಂಜು, ಕನ್ನಡಕವಿಲ್ಲದೆ ಕ್ಯಾಲೆಂಡರಿನ ತಾರೀಖೂ ಕಾಣುವುದಿಲ್ಲ. ಎದೆಯೊಳಗೆ ಎಲ್ಲೋ ಚುರುಕ್ ಎಂದಿತು. ಎಂದಿಲ್ಲ ಎಂದರೆ ನಾನು ಮನುಷ್ಯಳೇ ಅಲ್ಲ. ಆಮೇಲೆ ನಮ್ಮಪ್ಪ ಶಾಲು ಮಡಿಸುತ್ತ ಕೂತದ್ದು ಕಣ್ಣಿಗೆ ಕಟ್ಟಿತು.

"ಒಂದು ಕೇಳ್ತೀನಿ, ಹೇಳಿ," ಎಂದೆ. "ತೀರ್ಥಮ್ಮನವ್ರು ಕನ್ನಡಕ ಹಾಕ್ಕೊಂಡು ಓದಿದ್ರಾ, ಹಾಕ್ದೇನಾ?"

ಅದ್ಯಾಕೀಗ ಎಂದ. ಹೇಳಿ ಎಂದೆ.

"ಹಾಕ್ಕೊಳ್ದೇನೇ," ಎಂದ.

"ಹಂಗಾದ್ರೆ ಅಕ್ಷರ ಸರಿಯಾಗೇ ಬಂದಿದೆ," ಎಂದು ಹೇಳಿ ಫೋನ್ ಇಟ್ಟೆ.